ವಕೀಲರ ಫೀಸಿನ ಬಿಲ್ ಜಾಸ್ತಿ ಬಂದಿದೆ ಅನಿಸಿದರೆ: ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ದೊಡ್ಡಪ್ಪನ ಮಗಳು ಕಲಬುರಗಿ ಸಿವಿಲ್ ಕೋರ್ಟಿನಲ್ಲಿ ಹೊಲದ ಪಾಲಿಗಾಗಿ ದಾವೆ ಹಾಕಿದ್ದಳು. ಮೂರು ವರ್ಷ ನಡೆಯಿತು. ಕೊನೆಗೆ ಮಧ್ಯಸ್ಥಿಕೆ ಕೇಂದ್ರದಲ್ಲಿ ತಮ್ಮಂದಿರ ಜೊತೆ ರಾಜಿ ಆಯಿತು, ಅವಳ ಪಾಲು ಅವಳಿಗೆ ಬಂತು. ಖುಷಿಯಿಂದ ಮನೆಗೆ ಬಂದು ವಾರವಾಗಿರಲಿಲ್ಲ, ವಕೀಲರ ಗುಮಾಸ್ತ ವಾಟ್ಸಾಪಿನಲ್ಲಿ ಒಂದು ಬಿಲ್ ಕಳಿಸಿದರು. ಕೊಡಬೇಕಾದದ್ದು 1,41,500 ರೂಪಾಯಿ ಎಂದಿತ್ತು. ಅಕ್ಕ ಅಂದುಕೊಂಡಿದ್ದು 20,000.

ಅವತ್ತಿನಿಂದ ಆ ಲೆಕ್ಕ ಮುಗಿಯುವವರೆಗೆ ನಾನು ಅವಳ ಜೊತೆ ಇದ್ದೆ. ಆಮೇಲೆ ಜೇವರ್ಗಿ, ಆಳಂದ, ಶಹಾಪುರ ಕಡೆಯ ಪರಿಚಯದವರೂ ಇಂಥದೇ ಬಿಲ್ ಹಿಡಿದು ಬರತೊಡಗಿದರು. ಎಲ್ಲರೂ ಹೆಚ್ಚು ಕಡಿಮೆ ಇದೇ ಪ್ರಶ್ನೆ ಕೇಳುತ್ತಾರೆ. ಹಾಗಾಗಿ ಇಲ್ಲಿ ಬರೆದಿಟ್ಟಿದ್ದೇನೆ.

ವಕೀಲರಿಗೆ ಲೆಕ್ಕ ಕೇಳಿದರೆ ತಪ್ಪಾಗುತ್ತದಾ?

ತಪ್ಪಿಲ್ಲ. ಅಕ್ಕ ಮೊದಲು ಹೇಳಿದ್ದು, "ಸಾಹೇಬ್ರಿಗೆ ಹ್ಯಾಂಗ ಕೇಳೋದು? ಮುಂದ ಏನರೆ ಕೆಲಸ ಬಂದ್ರ ಯಾರ ಹಂತ್ಯಾಕ ಹೋಗೋದು?" ಈ ಅಂಜಿಕೆ ನಮ್ಮ ಕಡೆ ಎಲ್ಲರಿಗೂ ಇದೆ. ಆದರೆ ಲೆಕ್ಕ ಇಡುವುದು ವಕೀಲರ ಕರ್ತವ್ಯ ಎಂದು ಭಾರತೀಯ ವಕೀಲರ ಪರಿಷತ್ತಿನ ನಿಯಮಗಳೇ ಹೇಳುತ್ತವೆ. ಕಕ್ಷಿದಾರರಿಂದ ಬಂದ ಹಣಕ್ಕೆ ವಕೀಲರು ಲೆಕ್ಕ ಬರೆದಿಡಬೇಕು. ಬಂದ ಹಣ ಫೀಸಿಗೋ ಖರ್ಚಿಗೋ ಎಂದು ಆ ಲೆಕ್ಕದಲ್ಲಿ ಕಾಣಬೇಕು. ಕಕ್ಷಿದಾರರು ಕೇಳಿದರೆ, ಪ್ರತಿ ಮಾಡಿಸುವ ಖರ್ಚು ತೆಗೆದುಕೊಂಡು, ಆ ಲೆಕ್ಕದ ಪ್ರತಿ ಕೊಡಬೇಕು. ನೀವು ಕೇಳುತ್ತಿರುವುದು ಇಷ್ಟೇ. ಇದು ಅವರ ಮೇಲೆ ಅನುಮಾನ ಪಟ್ಟಂತೆ ಅಲ್ಲ.

ಕೇಳುವ ಧಾಟಿ ಮಾತ್ರ ನೋಡಿಕೊಳ್ಳಿ. ಕೋರ್ಟಿನ ಆವರಣದಲ್ಲಿ, ನಾಲ್ಕು ಜನರ ಮುಂದೆ ಕೇಳಬೇಡಿ. ಫೋನಿನಲ್ಲಿ ವಾದಕ್ಕೂ ಇಳಿಯಬೇಡಿ. ಬರೆದು ಕೇಳಿ.

ಬಿಲ್ ಕೈಗೆ ಬಂದ ಕೂಡಲೇ ಏನು ಮಾಡಬೇಕು?

ಹಣ ಕಳಿಸಬೇಡಿ, ಬೈಯಲೂ ಬೇಡಿ. "ಬಿಲ್ ಸಿಕ್ಕಿದೆ ಸಾರ್, ನೋಡಿ ಒಂದು ವಾರದಲ್ಲಿ ಹೇಳ್ತೀನಿ" ಎಂದು ಒಂದು ಸಾಲು ಬರೆದು ಬಿಡಿ. ಆಮೇಲೆ ಕೂತು ಮೂರು ವಿಷಯ ಹುಡುಕಿ. ಮೊದಲು ಎಷ್ಟಕ್ಕೆ ಮಾತಾಗಿತ್ತು? ಇಲ್ಲಿಯವರೆಗೆ ಎಷ್ಟು ಕೊಟ್ಟಿದ್ದೀರಿ, ಯಾವುದಕ್ಕೆ ಎಂದು ಕೊಟ್ಟಿದ್ದೀರಿ? ಕೋರ್ಟಿನಲ್ಲಿ ನಿಜವಾಗಿ ನಡೆದ ಕೆಲಸ ಏನು?

ನಮ್ಮಲ್ಲಿ ಫೀಸಿನ ಮಾತು ಬಾಯಿಮಾತಿನಲ್ಲೇ ಆಗಿರುತ್ತದೆ. ಕರಾರುಪತ್ರ ಯಾರ ಹತ್ತಿರವೂ ಇರುವುದಿಲ್ಲ. ಹಾಗಂತ ಕೈಚೆಲ್ಲಬೇಡಿ. ಹಳೆಯ ವಾಟ್ಸಾಪ್ ಮೆಸೇಜು, ಫೋನ್‌ಪೇಯಲ್ಲಿ ಹಣ ಕಳಿಸುವಾಗ ಬರೆದ ಟಿಪ್ಪಣಿ, ಬ್ಯಾಂಕ್ ಪಾಸ್‌ಬುಕ್, ಡೈರಿಯ ಪುಟ, ಎಲ್ಲವೂ ಸಾಕ್ಷಿಯೇ. ಅಕ್ಕನ ಫೋನಿನಲ್ಲಿ ಮೂರು ವರ್ಷದ ಹಿಂದಿನ ಒಂದು ಮೆಸೇಜು ಸಿಕ್ಕಿತು. ಗುಮಾಸ್ತರು ಬರೆದಿದ್ದರು: "ಸಾಹೇಬರು ಪೂರಾ ಕೇಸಿಗೆ 60 ಸಾವಿರ ಅಂದಿದ್ದಾರೆ, ಮೂರು ಕಂತು. ಖರ್ಚು ಬೇರೆ." ಮುಂದಿನ ಲೆಕ್ಕವೆಲ್ಲ ಈ ಒಂದು ಮೆಸೇಜಿನ ಮೇಲೆ ನಿಂತಿತು.

ಬಿಲ್‌ನಲ್ಲಿ ಸಾಮಾನ್ಯವಾಗಿ ಎಲ್ಲಿ ಜಾಸ್ತಿ ಆಗಿರುತ್ತದೆ?

ಅಕ್ಕನ ಬಿಲ್ಲನ್ನೇ ಇಡುತ್ತೇನೆ. ಐದು ಸಾಲು ಇತ್ತು. ಫೀಸಿನ ಬಾಕಿ 20,000. ಕೋರ್ಟಿಗೆ ಹಾಜರಾದದ್ದು 34 ಸಲ, ಸಲಕ್ಕೆ 1,500ರಂತೆ 51,000. ಕೋರ್ಟ್ ಫೀ, ಸ್ಟಾಂಪು, ನೋಟಿಸು, ನಕಲು ಸೇರಿ 18,500. ಗುಮಾಸ್ತರದ್ದು ಮತ್ತು ಓಡಾಟ 12,000. ಕೊನೆಗೆ "ರಾಜಿ ಫೀಸು, ಪಾಲಿನ ಬೆಲೆಯ ಮೇಲೆ" ಎಂದು 40,000.

ಮೊದಲ ಸಾಲಿನಲ್ಲಿ ತಕರಾರಿಲ್ಲ. 60,000ದಲ್ಲಿ 40,000 ಕೊಟ್ಟಿದ್ದಳು, 20,000 ಬಾಕಿ ಇತ್ತು. ಆದರೆ ಎರಡನೆಯ ಸಾಲು ನೋಡಿ. ಪೂರಾ ಕೇಸಿಗೆ 60,000 ಎಂದ ಮೇಲೆ ಹಾಜರಾತಿ ಅದರೊಳಗೇ ಬಂತು, ಅಲ್ವಾ? ಒಂದೇ ಕೆಲಸಕ್ಕೆ ಎರಡು ಸಲ ಹಣ ಕೇಳಿದ ಹಾಗಾಯಿತು. ನಾನು ನೋಡಿದ ಬಿಲ್‌ಗಳಲ್ಲಿ ಅತಿ ಹೆಚ್ಚು ಸಲ ಕಂಡ ತಪ್ಪು ಇದೇ. ಬೇಕೆಂದೇ ಮಾಡಿರುತ್ತಾರೆ ಎಂದು ನಾನು ಹೇಳುವುದಿಲ್ಲ. ಮೂರು ವರ್ಷದ ಹಿಂದಿನ ಮಾತು ಮರೆತು, ಗುಮಾಸ್ತರು ಆಫೀಸಿನ ಈಗಿನ ರೂಢಿಯಂತೆ ಬಿಲ್ ಬರೆದಿರಬಹುದು.

34 ಸಲ ಹಾಜರಾಗಿದ್ದು ನಿಜವೋ ಸುಳ್ಳೋ ತಿಳಿಯುವುದು ಹೇಗೆ?

ಇದನ್ನು ಮನೆಯಲ್ಲೇ ಕೂತು ನೋಡಬಹುದು. ಪ್ರತಿ ಕೇಸಿಗೂ 16 ಅಕ್ಷರ ಮತ್ತು ಅಂಕಿಗಳ ಒಂದು ಸಿಎನ್‌ಆರ್ ನಂಬರ್ ಇರುತ್ತದೆ. ಅದನ್ನು `services.ecourts.gov.in` ತೆರೆದು ಹಾಕಿ, ಅಥವಾ ಫೋನಿನಲ್ಲಿ `eCourts Services` ಆ್ಯಪ್ ಹಾಕಿಕೊಳ್ಳಿ. ಕೇಸಿನ ವಿವರ ಬಂದ ಮೇಲೆ ಕೆಳಗೆ `Case History` ಎಂಬ ಪಟ್ಟಿ ಇರುತ್ತದೆ. ಕೇಸು ಹಾಕಿದ ದಿನದಿಂದ ಪ್ರತಿ ತಾರೀಖೂ ಅಲ್ಲಿ ಸಾಲಾಗಿ ಕಾಣುತ್ತದೆ. ತಾರೀಖಿನ ಮೇಲೆ ಒತ್ತಿದರೆ ಆ ದಿನ ಏನಾಯಿತು ಎಂದು ಎರಡು ಮೂರು ಸಾಲು ಬರುತ್ತದೆ.

ನಾನು ಮತ್ತು ಅಕ್ಕ ಒಂದು ಭಾನುವಾರ ಮಧ್ಯಾಹ್ನ ಕೂತು ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆವು. ಒಟ್ಟು ತಾರೀಖು 27, ಬಿಲ್ಲಿನಲ್ಲಿದ್ದ 34 ಅಲ್ಲ. ಅದರಲ್ಲಿ 5 ದಿನ ನ್ಯಾಯಾಧೀಶರು ರಜೆ. 3 ದಿನ ವಕೀಲರ ಕಲಾಪ ಬಹಿಷ್ಕಾರ. 4 ದಿನ ನಮ್ಮ ವಕೀಲರೇ ಸಮಯ ಕೇಳಿದ್ದರು. ಏನಾದರೂ ಕೆಲಸ ಮುಂದೆ ಸಾಗಿದ್ದು ಉಳಿದ 15 ದಿನ.

ಇಲ್ಲಿ ಒಂದು ಮಾತು. ನ್ಯಾಯಾಧೀಶರು ರಜೆ ಎಂದು ಗೊತ್ತಾಗುವ ಹೊತ್ತಿಗೆ ವಕೀಲರು ಕೋರ್ಟಿಗೆ ಬಂದಿರುತ್ತಾರೆ. ತಾರೀಖಿಗೆ ಇಷ್ಟು ಎಂದು ಮೊದಲೇ ಮಾತಾಗಿದ್ದರೆ ಆ 5 ದಿನದ ಹಣ ಕೇಳುವುದರಲ್ಲಿ ನ್ಯಾಯವಿದೆ ಎಂದೇ ನನಗೆ ಅನಿಸುತ್ತದೆ. ಬಹಿಷ್ಕಾರದ ದಿನಕ್ಕೂ, ಅವರೇ ಸಮಯ ಕೇಳಿದ ದಿನಕ್ಕೂ ಕೊಡುವುದು ಸರಿಯಲ್ಲ.

ಇನ್ನೊಂದು ಎಚ್ಚರ. ಇಂಟರ್‌ನೆಟ್ಟಿನ ಈ ವಿವರ ತುಂಬಾ ಚಿಕ್ಕದು. ವಕೀಲರು ಬಂದಿದ್ದರೋ ಇಲ್ಲವೋ ಎಂದು ಎಲ್ಲ ದಿನವೂ ಬರೆದಿರುವುದಿಲ್ಲ. ಕೆಲವು ದಿನದ ವಿವರ ಹಾಕಿರುವುದೇ ಇಲ್ಲ. ಮಾತು ಮುಂದೆ ಹೋಗುವ ಹಾಗಿದ್ದರೆ ಕೋರ್ಟಿನ ನಕಲು ವಿಭಾಗದಲ್ಲಿ ಅರ್ಜಿ ಹಾಕಿ, ಪ್ರತಿ ತಾರೀಖಿಗೆ ಕೋರ್ಟು ಬರೆದಿಡುವ ಆರ್ಡರ್ ಶೀಟಿನ ದೃಢೀಕೃತ ನಕಲು ತೆಗೆದುಕೊಳ್ಳಿ. ಕೇಸಿನ ಕಕ್ಷಿದಾರರಾಗಿ ನಿಮಗೆ ಆ ಹಕ್ಕಿದೆ. ನಿಜವಾದ ದಾಖಲೆ ಅದು.

ಖರ್ಚಿನ ಲೆಕ್ಕಕ್ಕೆ ರಸೀದಿ ಕೇಳಬಹುದಾ?

ಕೇಳಲೇಬೇಕು. ಕೋರ್ಟ್ ಫೀ, ನೋಟಿಸಿನ ಶುಲ್ಕ, ಕಮಿಷನರ್ ಫೀ, ನಕಲಿನ ಶುಲ್ಕ ಇವಕ್ಕೆಲ್ಲ ಗುರುತು ಉಳಿದಿರುತ್ತದೆ. ರಸೀದಿ ಕಳೆದುಹೋಗಿದ್ದರೂ ದಾವೆಯ ಫೈಲಿನಲ್ಲಿ ಸಿಗುತ್ತದೆ. ಟೈಪಿಂಗ್, ಜೆರಾಕ್ಸ್, ಆಟೋ ಇವಕ್ಕೆ ರಸೀದಿ ಇರುವುದಿಲ್ಲ. ಅದನ್ನು ಹಿಡಿದು ಜಗ್ಗಾಡಬೇಡಿ, ಒಂದು ಅಂದಾಜು ಒಪ್ಪಿಕೊಳ್ಳಿ.

ಅಕ್ಕನ 18,500ರಲ್ಲಿ ರಸೀದಿ ಸಿಕ್ಕಿದ್ದು 7,200ಕ್ಕೆ. ಟೈಪಿಂಗು, ಜೆರಾಕ್ಸು ಎಂದು 1,800 ನಾವೇ ಒಪ್ಪಿದೆವು. ಒಟ್ಟು 9,000 ಆಯಿತು. ಆದರೆ ದೊಡ್ಡ ವಿಷಯ ಬೇರೆಯೇ ಇತ್ತು. ಕೇಸು ಶುರುವಾದಾಗ "ಖರ್ಚಿಗೆ ಇಟ್ಟುಕೊಳ್ಳಿ" ಎಂದು ಅವಳು 10,000 ಕೊಟ್ಟಿದ್ದಳು. ಬಿಲ್ಲಿನಲ್ಲಿ ಅದರ ಸುದ್ದಿಯೇ ಇರಲಿಲ್ಲ.

ಖರ್ಚಿಗೆ ಕೊಟ್ಟ ಹಣವನ್ನು, ಕೇಸು ನಡೆಯುತ್ತಿರುವಾಗ, ನಿಮ್ಮ ಲಿಖಿತ ಒಪ್ಪಿಗೆ ಇಲ್ಲದೆ ಫೀಸಿಗೆ ಹಾಕಿಕೊಳ್ಳುವ ಹಾಗಿಲ್ಲ. ಇದೂ ಪರಿಷತ್ತಿನ ನಿಯಮವೇ. ಅಂದರೆ ಖರ್ಚಿನ ಲೆಕ್ಕದಲ್ಲಿ ಅಕ್ಕ ಏನೂ ಕೊಡಬೇಕಾಗಿರಲಿಲ್ಲ. ಅವಳದೇ 1,000 ಅವರ ಹತ್ತಿರ ಉಳಿದಿತ್ತು.

ಗೆದ್ದ ಆಸ್ತಿಯ ಮೇಲೆ, ಬಂದ ಪರಿಹಾರದ ಮೇಲೆ ಇಂತಿಷ್ಟು ಪರ್ಸೆಂಟ್ ಕೇಳಿದರೆ?

ಕೊಡಬೇಕಾಗಿಲ್ಲ. ನಮ್ಮ ಕಡೆ ಭೂಸ್ವಾಧೀನದ ಪರಿಹಾರ, ಅಪಘಾತದ ಕೇಸುಗಳಲ್ಲಿ "ಬಂದದ್ದರಲ್ಲಿ ಹತ್ತು ಪರ್ಸೆಂಟ್" ಎನ್ನುವ ಮಾತು ಮಾಮೂಲಿಯಾಗಿಬಿಟ್ಟಿದೆ. ಜನ ಅದನ್ನೇ ಕಾನೂನು ಎಂದುಕೊಂಡಿದ್ದಾರೆ. ಕೇಸಿನ ಫಲಿತಾಂಶದ ಮೇಲೆ ಫೀಸು ನಿಗದಿ ಮಾಡುವಂತಿಲ್ಲ, ಬಂದದ್ದರಲ್ಲಿ ಪಾಲು ಕೇಳುವಂತಿಲ್ಲ ಎಂದು ವಕೀಲರ ನಡತೆಯ ನಿಯಮ ಸ್ಪಷ್ಟವಾಗಿ ಹೇಳುತ್ತದೆ.

2017ರಲ್ಲಿ ಪಕ್ಕದ ತೆಲಂಗಾಣದ ಒಂದು ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಅಪಘಾತದಲ್ಲಿ ಗಂಡನನ್ನು ಕಳೆದುಕೊಂಡ ಮಹಿಳೆಗೆ ಪರಿಹಾರ ಬಂದಿತ್ತು. ಅದರ ಮೇಲೆ ಫೀಸು ಲೆಕ್ಕ ಹಾಕಿ ವಕೀಲರು ಚೆಕ್ ಬರೆಸಿಕೊಂಡಿದ್ದರು. ಚೆಕ್ ಬೌನ್ಸ್ ಆಯಿತು ಎಂದು ಅವಳ ಮೇಲೆ ಕೇಸು ಹಾಕಿದರು. ಸುಪ್ರೀಂ ಕೋರ್ಟ್ ಆ ಚೆಕ್ ಕೇಸನ್ನೇ ರದ್ದು ಮಾಡಿತು. ಪರಿಹಾರದ ಮೊತ್ತದ ಮೇಲೆ ಪರ್ಸೆಂಟ್ ಕೇಳುವ ಫೀಸು ಕಾನೂನಿನಲ್ಲಿ ನಿಲ್ಲದು ಎಂದಿತು.

ಹಾಗಾಗಿ ಅಕ್ಕನ ಬಿಲ್ಲಿನ ಆ 40,000 ಪೂರ್ತಿ ಹೋಗಬೇಕಿತ್ತು. ಆದರೆ ರಾಜಿ ಮಾಡಿಸಲು ವಕೀಲರು ಪಟ್ಟ ಶ್ರಮ ಇದೆಯಲ್ಲ, ಅದು ಬೇರೆ ವಿಷಯ. ಅದಕ್ಕೆ ಕೆಲಸ ನೋಡಿ ಹಣ ಕೊಡಬಹುದು.

ಹಾಗಾದರೆ ನ್ಯಾಯವಾಗಿ ಎಷ್ಟು ಕೊಡಬೇಕು ಎಂದು ಲೆಕ್ಕ ಹಾಕುವುದು ಹೇಗೆ?

ವಕೀಲರ ಕಡೆಯಿಂದಲೂ ಯೋಚಿಸಿ. ಮಾತಾದಾಗ ಇರದಿದ್ದ ಕೆಲಸ ಏನಾದರೂ ಬಂತೇ? ಅಕ್ಕನ ಕೇಸಿನಲ್ಲಿ ಕೋರ್ಟ್ ಕಮಿಷನರ್ ಹೊಲ ಅಳೆಯಲು ಬಂದಿದ್ದರು. ವಕೀಲರು ಇಡೀ ದಿನ ಮೇ ತಿಂಗಳ ಬಿಸಿಲಿನಲ್ಲಿ ಹೊಲದಲ್ಲಿ ನಿಂತಿದ್ದರು. ಅದನ್ನು ಅವರು ಬಿಲ್ಲಿನಲ್ಲಿ ಬರೆದೇ ಇರಲಿಲ್ಲ! ನಾವೇ ಅದಕ್ಕೆ 5,000 ಸೇರಿಸಿದೆವು. ಗುಮಾಸ್ತರಿಗೆ 12,000ದ ಬದಲು 3,000 ಹಾಕಿದೆವು. ಓಡಾಟ ಎಂದು ಬರೆದಿದ್ದರೂ ಅವರ ಆಫೀಸು, ಕೋರ್ಟು ಎರಡೂ ಕಲಬುರಗಿಯಲ್ಲೇ ಇವೆ.

ಹೀಗೆ ಲೆಕ್ಕ ಬಂತು. ಫೀಸಿನ ಬಾಕಿ 20,000, ಹೊಲಕ್ಕೆ ಬಂದ ದಿನದ್ದು 5,000, ಗುಮಾಸ್ತರದ್ದು 3,000. ಕೂಡಿದರೆ 28,000. ಅದರಲ್ಲಿ ಖರ್ಚಿನ ಮುಂಗಡದಲ್ಲಿ ಉಳಿದ 1,000 ಕಳೆದರೆ 27,000.

ನಿಮ್ಮ ಲೆಕ್ಕದಲ್ಲಿ ಬರೀ ಕಳೆಯುವುದೇ ಇದ್ದರೆ ಎದುರಿನವರು ಕಿವಿಗೊಡುವುದಿಲ್ಲ. ನೀವೇ ಒಂದು ಕಡೆ ಸೇರಿಸಿದ್ದು ಕಂಡರೆ ಮಾತು ಮೆತ್ತಗಾಗುತ್ತದೆ.

ಪತ್ರ ಹೇಗೆ ಬರೆಯಬೇಕು?

ಚಿಕ್ಕದಾಗಿ ಬರೆಯಿರಿ. ಕಾನೂನಿನ ಬೆದರಿಕೆ ಮೊದಲ ಪತ್ರದಲ್ಲಿ ಬೇಡ. ಅಕ್ಕ ಬರೆದದ್ದು ಹೆಚ್ಚು ಕಡಿಮೆ ಹೀಗಿತ್ತು:

"ಮಾನ್ಯ ವಕೀಲ ಸಾಹೇಬರಿಗೆ ನಮಸ್ಕಾರ. ತಾವು ನನ್ನ ಕೇಸಿಗಾಗಿ ಮೂರು ವರ್ಷ ಪಟ್ಟ ಶ್ರಮವನ್ನು ನಾನು ಮರೆಯುವುದಿಲ್ಲ. ತಾವು ಕಳಿಸಿದ ಬಿಲ್ ನೋಡಿದೆ. ಶುರುವಿನಲ್ಲಿ ಪೂರಾ ಕೇಸಿಗೆ 60,000 ಎಂದು ಮಾತಾಗಿತ್ತು, ಆ ಮೆಸೇಜಿನ ಪ್ರತಿ ಜೊತೆಗಿದೆ. ಬಿಲ್ಲಿನಲ್ಲಿ ಹಾಜರಾತಿಗೆ ಬೇರೆ ಹಣ ಹಾಕಿದ್ದು ಹೇಗೆಂದು ತಿಳಿಯಲಿಲ್ಲ. ದಯವಿಟ್ಟು ಯಾವ ತಾರೀಖಿಗೆ ಯಾವ ಕೆಲಸ, ಯಾವ ಖರ್ಚಿಗೆ ಎಷ್ಟು ಎಂದು ಬಿಡಿ ಬಿಡಿಯಾಗಿ ಬರೆದು, ಸಿಕ್ಕ ರಸೀದಿಗಳ ಜೊತೆ ಕೊಡಬೇಕು. ನಾನು ಖರ್ಚಿಗೆಂದು ಕೊಟ್ಟ 10,000 ಲೆಕ್ಕದಲ್ಲಿ ಕಾಣಲಿಲ್ಲ, ಅದನ್ನೂ ಸೇರಿಸಬೇಕು. ತಕರಾರಿಲ್ಲದ 20,000 ಇವತ್ತೇ ತಮ್ಮ ಖಾತೆಗೆ ಹಾಕಿದ್ದೇನೆ. ಉಳಿದದ್ದಕ್ಕೆ ನನ್ನ ಲೆಕ್ಕ ಹಿಂದಿನ ಪುಟದಲ್ಲಿದೆ. ತಾವು ಹೇಳಿದ ದಿನ ಬಂದು ಕೂತು ಮಾತಾಡುತ್ತೇನೆ."

ತಕರಾರಿಲ್ಲದ ಹಣವನ್ನು ಪತ್ರದ ಜೊತೆಗೇ ಕೊಟ್ಟುಬಿಡುವುದು ಬಹಳ ಮುಖ್ಯ. "ಫೀಸು ಕೊಡಲು ಮನಸ್ಸಿಲ್ಲ, ಅದಕ್ಕೇ ನೆಪ" ಎನ್ನುವ ಮಾತಿಗೆ ಆಮೇಲೆ ಜಾಗ ಇರುವುದಿಲ್ಲ. ಹಣ ಹಾಕುವಾಗ ಟಿಪ್ಪಣಿಯಲ್ಲಿ "ಒಪ್ಪಿದ ಫೀಸಿನ ಕೊನೆಯ ಕಂತು" ಎಂದು ಬರೆಯಿರಿ. ಪತ್ರವನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸುವುದು ಬೇಡ, ಅದು ನೋಟಿಸಿನ ಹಾಗೆ ಕಾಣುತ್ತದೆ. ಕೈಯಲ್ಲಿ ಕೊಟ್ಟು, ಅದರ ಫೋಟೋ ವಾಟ್ಸಾಪಿಗೂ ಹಾಕಿದರೆ ಸಾಕು.

ಅವರು ಸಿಟ್ಟಾದರೆ?

ಮೊದಲ ದಿನ ಆಗಬಹುದು. ಅಕ್ಕನ ವಕೀಲರೂ "ಇಷ್ಟು ವರ್ಷದಲ್ಲಿ ನನಗೆ ಯಾರೂ ಹೀಗೆ ಕೇಳಿಲ್ಲ" ಎಂದರು. ಅಕ್ಕ ಸುಮ್ಮನೆ ಕೇಳಿಸಿಕೊಂಡಳು. ನಾಲ್ಕು ದಿನ ಬಿಟ್ಟು ಅವರೇ ಕರೆಸಿದರು. ಮೆಸೇಜು ನೋಡಿದ ಮೇಲೆ ಹಾಜರಾತಿಯ ಸಾಲನ್ನು ಅವರೇ ಹೊಡೆದುಹಾಕಿದರು. ಪರ್ಸೆಂಟಿನ ಸಾಲಿಗೆ ಸ್ವಲ್ಪ ಹೊತ್ತು ಮಾತಾಯಿತು. ಮಧ್ಯಸ್ಥಿಕೆಗೆ ಎರಡು ಸಂಜೆ ಕೂತಿದ್ದು, ರಾಜಿ ಅರ್ಜಿ ಬರೆದದ್ದು ಹೆಚ್ಚಿನ ಕೆಲಸ ಎಂದು ಅವರು ಹೇಳಿದರು. ಅದು ನಿಜವೇ ಆಗಿತ್ತು. ಅದಕ್ಕೆ 5,000 ಎಂದು ಇಬ್ಬರೂ ಒಪ್ಪಿದರು. 27,000ಕ್ಕೆ 5,000 ಕೂಡಿ 32,000ಕ್ಕೆ ಲೆಕ್ಕ ಮುಗಿಯಿತು. 20,000 ಆಗಲೇ ಹೋಗಿತ್ತು, ಉಳಿದ 12,000 ಅಲ್ಲೇ ಕೊಟ್ಟಳು.

ಹಣ ಪೂರ್ತಿ ಕೊಡುವವರೆಗೆ ಫೈಲು ಕೊಡುವುದಿಲ್ಲ ಎಂದರೆ?

ಫೀಸಿನ ಬಾಕಿಗಾಗಿ ಕೇಸಿನ ಫೈಲು ಹಿಡಿದಿಟ್ಟುಕೊಳ್ಳುವ ಹಕ್ಕು ವಕೀಲರಿಗಿಲ್ಲ ಎಂದು ಸುಪ್ರೀಂ ಕೋರ್ಟ್ 2000ದಲ್ಲೇ ಹೇಳಿದೆ. ಬಾಕಿ ವಸೂಲಿಗೆ ಅವರಿಗೆ ಬೇರೆ ದಾರಿ ಇದೆ. ಪಹಣಿ, ಹಳೆಯ ಖರೀದಿ ಪತ್ರದಂಥ ಮೂಲ ಕಾಗದ ಅವರ ಹತ್ತಿರ ಇದ್ದರೆ ಅದರ ಪಟ್ಟಿ ಮಾಡಿ ಬರೆದು ಕೇಳಿ. ಕೇಸು ಇನ್ನೂ ನಡೆಯುತ್ತಿದ್ದು ವಕೀಲರನ್ನು ಬದಲಿಸಬೇಕಾದರೆ, ಸಾಮಾನ್ಯವಾಗಿ ಹಳೆಯ ವಕೀಲರ ನೋ ಅಬ್ಜೆಕ್ಷನ್ ಸಹಿ ಕೇಳುತ್ತಾರೆ. ಅವರು ಸಹಿ ಮಾಡದಿದ್ದರೆ ಕೋರ್ಟಿನ ಅನುಮತಿ ಕೇಳಿ ಹೊಸ ವಕಾಲತ್ತು ಹಾಕಬಹುದು.

ಮಾತಿನಲ್ಲಿ ಮುಗಿಯದಿದ್ದರೆ ದೂರು ಎಲ್ಲಿ?

ಬಹಳ ಜನ ಗ್ರಾಹಕರ ನ್ಯಾಯಾಲಯ ಎನ್ನುತ್ತಾರೆ. ವಕೀಲರ ಸೇವೆ ಗ್ರಾಹಕ ಕಾಯ್ದೆಯ ಕೆಳಗೆ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2024ರ ಮೇ 14ರಂದು ತೀರ್ಪು ಕೊಟ್ಟಿದೆ. ಆ ದಾರಿ ಮುಚ್ಚಿದೆ. ಉಳಿದದ್ದು ಬೆಂಗಳೂರಿನ ಕರ್ನಾಟಕ ರಾಜ್ಯ ವಕೀಲರ ಪರಿಷತ್ತು. ಅದು ಎಚ್ಚರಿಕೆ ಕೊಡಬಹುದು, ಕೆಲಕಾಲ ವಕೀಲಿ ಮಾಡದಂತೆ ತಡೆಯಬಹುದು, ಹೆಸರನ್ನೇ ತೆಗೆಯಬಹುದು. ಆದರೆ ನಿಮ್ಮ ಬಿಲ್ಲನ್ನು ಕೂತು ಕಡಿಮೆ ಮಾಡಿಕೊಡುವುದು ಅದರ ಕೆಲಸ ಅಲ್ಲ. ಬರೀ "ಫೀಸು ಜಾಸ್ತಿ" ಎಂದರೆ ದೂರು ನಿಲ್ಲುವುದು ಕಷ್ಟ. ಪರ್ಸೆಂಟ್ ಕೇಳಿದ್ದು, ಲೆಕ್ಕ ಕೊಡದಿದ್ದು, ನಿಮಗೆ ಬರಬೇಕಾದ ಹಣ ಹಿಡಿದದ್ದು, ಫೈಲು ಕೊಡದಿದ್ದು ಇದ್ದರೆ ದೂರಿಗೆ ತೂಕ ಬರುತ್ತದೆ. ಅದಕ್ಕೂ ಮೊದಲು ನಿಮ್ಮೂರಿನ ವಕೀಲರ ಸಂಘದ ಹಿರಿಯರೊಬ್ಬರ ಮುಂದೆ ಕಾಗದಗಳನ್ನು ಇಟ್ಟು ನೋಡಿ.

ಉಚಿತ ಕಾನೂನು ನೆರವಿನ ವಕೀಲರು ಹಣ ಕೇಳಿದರೆ?

ಕೊಡಬೇಡಿ. ಅವರನ್ನು ಕೊಟ್ಟ ಕಾನೂನು ಸೇವಾ ಪ್ರಾಧಿಕಾರಕ್ಕೆ ಬರೆದು ತಿಳಿಸಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಈ ನೆರವು ಸಿಗುತ್ತದೆ. ಅಕ್ಕನಿಗೆ ಇದು ಮೊದಲೇ ಗೊತ್ತಿದ್ದರೆ ಎಂದು ನನಗೆ ಈಗಲೂ ಅನಿಸುತ್ತದೆ.

ಲೆಕ್ಕಪರಿಶೋಧಕರ ಬಿಲ್ಲಿಗೂ ಇದೇ ದಾರಿಯೇ?

ಕೇಳುವ ರೀತಿ ಅದೇ, ನೋಡಬೇಕಾದ ಜಾಗ ಬೇರೆ. ಗಂಜಿನಲ್ಲಿ ತೊಗರಿ ಅಡತಿ ಅಂಗಡಿ ಇರುವ ಗೆಳೆಯರೊಬ್ಬರ ಬಿಲ್ಲಿನಲ್ಲಿ ಫೀಸು, ಸರ್ಕಾರಕ್ಕೆ ಕಟ್ಟಿದ ಜಿಎಸ್‌ಟಿ ತಡ ಶುಲ್ಕ ಎರಡನ್ನೂ ಕೂಡಿಸಿ, ಅದರ ಮೇಲೆ 18 ಪರ್ಸೆಂಟ್ ತೆರಿಗೆ ಹಾಕಿದ್ದರು. ನಿಮ್ಮ ಪರವಾಗಿ ಕಟ್ಟಿದ ತಡ ಶುಲ್ಕವನ್ನು ಲೆಕ್ಕಪರಿಶೋಧಕರು ಚಲನ್ ಸಮೇತ ಬೇರೆಯಾಗಿ ತೋರಿಸಿ, ಇದ್ದಷ್ಟನ್ನೇ ವಾಪಸ್ ಕೇಳಬೇಕು. ಅದರ ಮೇಲೆ ತೆರಿಗೆ ಬರಬಾರದು. ಬಿಲ್ಲಿನ ಮೇಲೆ ಅವರ ಜಿಎಸ್‌ಟಿ ನಂಬರೇ ಇಲ್ಲದಿದ್ದರೆ 18 ಪರ್ಸೆಂಟ್ ಕೇಳುವ ಹಕ್ಕೂ ಇಲ್ಲ.

ತಡ ಶುಲ್ಕ ಎಷ್ಟು ಕಟ್ಟಿದ್ದಾರೆ ಎಂದು ಜಿಎಸ್‌ಟಿ ಪೋರ್ಟಲಿನ ನಿಮ್ಮದೇ ಲಾಗಿನ್‌ನಲ್ಲಿ ಕಾಣುತ್ತದೆ. ಜೊತೆಗೆ ತಡ ಯಾರಿಂದ ಆಯಿತು ನೋಡಿ. ನೀವು ಬಿಲ್‌ಬುಕ್ಕು ಸಮಯಕ್ಕೆ ಕಳಿಸಿದ ಮೆಸೇಜು ಇದ್ದು, ಅವರು ತಡವಾಗಿ ರಿಟರ್ನ್ ಹಾಕಿದ್ದರೆ ಆ ಶುಲ್ಕವನ್ನು ಅವರೇ ಹೊರಬೇಕು ಎಂದು ಕೇಳಿ. ಗೆಳೆಯರು ಹಾಗೆ ಕೇಳಿದರು, ಅವರು ಒಪ್ಪಿದರು.

ಲೆಕ್ಕ ಮುಗಿದ ಮೇಲೆ ಏನು ಬರೆಸಿಕೊಳ್ಳಬೇಕು?

ಒಂದು ರಸೀದಿ. ಕೇಸಿನ ನಂಬರು, ಒಟ್ಟು ಒಪ್ಪಿದ ಮೊತ್ತ, ಯಾವ ದಿನ ಎಷ್ಟು ಕೊಟ್ಟಿರಿ, "ಈ ಕೇಸಿನ ಫೀಸು ಮತ್ತು ಖರ್ಚಿನ ಲೆಕ್ಕ ಪೂರ್ತಿ ಮುಗಿದಿದೆ, ಬಾಕಿ ಇಲ್ಲ" ಎಂಬ ಒಂದು ಸಾಲು, ಕೆಳಗೆ ಗುಮಾಸ್ತರದ್ದಲ್ಲ, ವಕೀಲರದ್ದೇ ಸಹಿ. ಅದೇ ಹಾಳೆಯಲ್ಲಿ ವಾಪಸ್ ಪಡೆದ ಕಾಗದಗಳ ಪಟ್ಟಿಯನ್ನೂ ಬರೆಸಿ. ಅಕ್ಕನ ರಸೀದಿ ಅವಳ ಹೊಸ ಪಹಣಿಯ ಜೊತೆ ಒಂದೇ ಪ್ಲಾಸ್ಟಿಕ್ ಕವರಿನಲ್ಲಿ ಟ್ರಂಕಿನಲ್ಲಿದೆ.